ಆರು ಯೂನಿಟ್ ಜಾಸ್ತಿ, ಬಿಲ್ಲು ಸಾವಿರದ ಎಂಟುನೂರು: ಕರೆಂಟ್ ಬಿಲ್ಲಿನ ಸಾಲುಗಳನ್ನು ಓದುವುದು ಹೇಗೆ

(ಕುಮಟಾ ಹತ್ತಿರದ ಒಂದು ಊರಿನ ಸಭಾಭವನದಲ್ಲಿ ಮಾತಾಡಿದ್ದನ್ನು ಬರೆದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ವೈರಿಂಗ್ ಕೆಲಸ ಮಾಡುವವನು. ಮನೆಗೆ ಹೋದಾಗ ಸ್ವಿಚ್ ರಿಪೇರಿ ಆದ ಮೇಲೆ ಬಹಳ ಜನ ಒಳಗಿನಿಂದ ಬಿಲ್ಲು ತಂದು ತೋರಿಸುತ್ತಾರೆ, "ಇದೆಂತಕ್ಕೆ ಇಷ್ಟು ಬಂತು ನೋಡು ತಮಾ" ಅಂತ. ಇವತ್ತು ಅಂಥದ್ದೇ ಒಂದು ಬಿಲ್ಲು ಹಿಡಿದುಕೊಂಡು ಮಾತಾಡುತ್ತೇನೆ. ಮನೆಯವರ ಒಪ್ಪಿಗೆ ಇದೆ, ಹೆಸರು ಬೇಡ. ಐದು ಜನ ಇರುವ ಮನೆ, ಬಾವಿ ಇದೆ, ಒಂದು ಎಚ್‌ಪಿ ಪಂಪು, ಫ್ರಿಜ್ಜು, ಮಿಕ್ಸಿ, ಮೂರು ಫ್ಯಾನು, ಟಿವಿ. ಎಸಿ ಇಲ್ಲ. ಸ್ನಾನದ ನೀರಿಗೆ ಬಚ್ಚಲ ಒಲೆಯೇ. ಮಾರ್ಚ್ ತನಕ ಇನ್ನೂರು ಮುನ್ನೂರು ರೂಪಾಯಿ ಬರುತ್ತಿದ್ದ ಬಿಲ್ಲು ಏಪ್ರಿಲ್‌ನಲ್ಲಿ ಸಾವಿರದ ಎಂಟುನೂರು ದಾಟಿತು. ಮೀಟರ್ ಕೆಟ್ಟಿದೆ ಅಂತಲೇ ಅವರ ಅನುಮಾನ. ಮೀಟರ್ ಸರಿಯಾಗಿಯೇ ಇತ್ತು.

ಮೊದಲು ಸ್ಲ್ಯಾಬ್ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಈಗಲೂ ಬಹಳ ಜನರ ತಲೆಯಲ್ಲಿ ಹಳೆಯ ಲೆಕ್ಕವೇ ಕೂತಿದೆ. ಮೊದಲು ಏನಿತ್ತು? ಮೊದಲ 50 ಯೂನಿಟ್‌ಗೆ ಒಂದು ದರ, ಆಮೇಲಿನ 50ಕ್ಕೆ ಇನ್ನೊಂದು, ನೂರು ದಾಟಿದರೆ ಮತ್ತೊಂದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಮೇಲಿನ ಮೆಟ್ಟಿಲಿಗೆ ಹೋದರೂ ಕೆಳಗಿನ ಯೂನಿಟ್‌ಗಳಿಗೆ ಕೆಳಗಿನ ದರವೇ. 2023ರಲ್ಲಿ ಅದು ಬದಲಾಯಿತು. ನೂರು ಯೂನಿಟ್ ಒಳಗಿದ್ದರೆ 4 ರೂಪಾಯಿ 75 ಪೈಸೆ, ನೂರು ದಾಟಿದರೆ ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ 7 ರೂಪಾಯಿ. ಆ ವರ್ಷ ಜೂನ್‌ನಲ್ಲಿ ಬಿಲ್ಲು ನೋಡಿ ಎಲ್ಲರೂ ಗಾಬರಿ ಆಗಿದ್ದು ನೆನಪಿದೆ ಅಲ್ವಾ? ಅದಕ್ಕೆ ಇದೂ ಒಂದು ಕಾರಣ. 2024ರ ಏಪ್ರಿಲ್‌ನಿಂದ ಅದೂ ಹೋಯಿತು. ಮನೆ ಬಳಕೆಗೆ ಸ್ಲ್ಯಾಬೇ ಇಲ್ಲ, ಒಂದೇ ದರ. ಆಗ ಯೂನಿಟ್‌ಗೆ 5.90 ಇತ್ತು, 2025-26ಕ್ಕೆ ವಿದ್ಯುತ್ ನಿಯಂತ್ರಣ ಆಯೋಗ ಅಂದರೆ ಕೆಇಆರ್‌ಸಿ ಅದನ್ನು 5.80 ಮಾಡಿತು. ನಾನು ಇವತ್ತು ಹೇಳುವ ಲೆಕ್ಕ ಎಲ್ಲ ಆ 2025-26ರ ದರದ್ದು. ದರ ಪ್ರತಿ ಏಪ್ರಿಲ್‌ಗೆ ಬದಲಾಗಬಹುದು. ನಿಮ್ಮ ಬಿಲ್ಲಲ್ಲಿ ಅಚ್ಚಾದ ದರ ಹಾಕಿಕೊಂಡು ಇದೇ ಲೆಕ್ಕ ಮಾಡಿ.

ಹಾಗಾದರೆ ಸ್ಲ್ಯಾಬ್ ಇಲ್ಲದೆ ಇರುವಾಗ ಬಿಲ್ಲು ಒಂದೇ ತಿಂಗಳಲ್ಲಿ ಆರು ಪಟ್ಟು ಹೇಗೆ ಏರುತ್ತದೆ? ಸ್ಲ್ಯಾಬ್ ದರಪಟ್ಟಿಯಿಂದ ಹೋಗಿದೆ, ಆದರೆ ಗೃಹಜ್ಯೋತಿಯಲ್ಲಿ ಒಂದು ದೊಡ್ಡ ಮೆಟ್ಟಿಲು ಉಳಿದುಕೊಂಡಿದೆ. ಅದು 200ನೇ ಯೂನಿಟ್.

ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಅಂದುಕೊಂಡವರು ಈಗಲೂ ಇದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿದ್ದಿರೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ಬರುವುದು ನಿಮ್ಮ ಅರ್ಹ ಯೂನಿಟ್. ತೀರಾ ಕಡಿಮೆ ಬಳಸುವವರಿಗೆ, ಅಂದರೆ ಸರಾಸರಿ 48ರ ಒಳಗೆ ಇದ್ದವರಿಗೆ, ನೂರಕ್ಕೆ ಹತ್ತರ ಬದಲು ಹತ್ತು ಯೂನಿಟ್ ಸೇರಿಸಿ ಕೊಡುತ್ತಾರೆ. ಅರ್ಹ ಯೂನಿಟ್ ಒಳಗೆ ಇದ್ದರೆ ಬಿಲ್ಲು ಸೊನ್ನೆ. ಅದು ದಾಟಿ 200ರ ಒಳಗೆ ಇದ್ದರೆ ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳು ರಿಯಾಯಿತಿಯೇ ಇಲ್ಲ, ಪೂರ್ತಿ ಬಿಲ್ಲು ನೀವೇ ಕಟ್ಟಬೇಕು.

ಈ ಮನೆಯ ಹಳೆ ಸರಾಸರಿ 136. ಅರ್ಹ ಯೂನಿಟ್ ಹತ್ತಿರ ಹತ್ತಿರ 150. ಏಪ್ರಿಲ್‌ನಲ್ಲಿ ಬಳಸಿದ್ದು 206. ಈಗ ಆ ಬಿಲ್ಲನ್ನು ಸಾಲು ಸಾಲಾಗಿ ಓದೋಣ.

ಮೊದಲ ಸಾಲು ನಿಗದಿತ ಶುಲ್ಕ, ಎಲ್ಲರೂ ಫಿಕ್ಸೆಡ್ ಚಾರ್ಜ್ ಅನ್ನುವುದು. ಇದಕ್ಕೂ ನೀವು ಉರಿಸಿದ ಯೂನಿಟ್‌ಗೂ ಸಂಬಂಧವೇ ಇಲ್ಲ. ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟ್ ಲೋಡ್ ಮಂಜೂರಾಗಿದೆ ಅನ್ನುವುದರ ಮೇಲೆ ಇದು ಬೀಳುತ್ತದೆ. ಕಂಬ, ಟಿಸಿ, ಲೈನು ಎಲ್ಲ ನಿಮಗಾಗಿ ತಯಾರಾಗಿ ನಿಂತಿರುವುದಕ್ಕೆ ಕೊಡುವ ದುಡ್ಡು ಅಂತ ತಿಳಿಯಿರಿ. ಕಿಲೋವ್ಯಾಟ್‌ಗೆ 145 ರೂಪಾಯಿ. ಈ ಮನೆಯದು 3 ಕಿಲೋವ್ಯಾಟ್, ಹಾಗಾಗಿ 435.

ಎರಡನೆಯದು ಎನರ್ಜಿ ಚಾರ್ಜ್, ಉರಿಸಿದ ಕರೆಂಟಿನ ದುಡ್ಡು. 206 ಯೂನಿಟ್‌ಗೆ 5.80ರಂತೆ 1,194 ರೂಪಾಯಿ 80 ಪೈಸೆ.

ಮೂರನೆಯದು ಪಿ ಅಂಡ್ ಜಿ ಸರ್ಚಾರ್ಜ್. ಇದು 2025ರ ಏಪ್ರಿಲ್‌ನಲ್ಲಿ ಹೊಸದಾಗಿ ಬಂದಿದ್ದು, ಯೂನಿಟ್‌ಗೆ 36 ಪೈಸೆ. ಪಿ ಅಂದರೆ ಪಿಂಚಣಿ, ಜಿ ಅಂದರೆ ಗ್ರಾಚ್ಯುಟಿ. ಕೆಪಿಟಿಸಿಎಲ್ ಮತ್ತು ವಿದ್ಯುತ್ ಸರಬರಾಜು ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಸರ್ಕಾರ ಕೊಡಬೇಕಿದ್ದ ಪಾಲನ್ನು ಬಳಕೆದಾರರಿಂದ ವಸೂಲು ಮಾಡಲು ಆಯೋಗ ಒಪ್ಪಿದ್ದರಿಂದ ಇದು ಬಂತು. ನನ್ನ ಅಭಿಪ್ರಾಯ ಕೇಳಿದರೆ, ಇದು ನಮ್ಮ ತಲೆಗೆ ಬರಬೇಕಾದ ಖರ್ಚಲ್ಲ. ಆದರೆ ನೀವು ಅಥವಾ ನಾನು ಮನೆಯಲ್ಲಿ ಕೂತು ಇದನ್ನು ತೆಗೆಸಲು ಬರುವುದಿಲ್ಲ, ಯೂನಿಟ್ ಕಡಿಮೆ ಮಾಡಿದಷ್ಟೇ ಇದು ಇಳಿಯುವುದು. ಇಲ್ಲಿ 74 ರೂಪಾಯಿ 16 ಪೈಸೆ.

ಆಮೇಲೆ ತೆರಿಗೆ, ನೂರಕ್ಕೆ ಒಂಬತ್ತು. ಎನರ್ಜಿ ಚಾರ್ಜ್ ಮೇಲೆ ಹಿಡಿದರೆ 107 ರೂಪಾಯಿ 53 ಪೈಸೆ.

ಎಲ್ಲ ಕೂಡಿಸಿದರೆ 1,811 ರೂಪಾಯಿ ಚಿಲ್ಲರೆ. ಈಗ ಇದೇ ಮನೆ 206ರ ಬದಲು 198ಕ್ಕೆ ನಿಲ್ಲಿಸಿದ್ದರೆ? ಅರ್ಹ 150 ಹೋಗಿ ಉಳಿದ 48 ಯೂನಿಟ್‌ಗೆ ಮಾತ್ರ ದುಡ್ಡು. ಎನರ್ಜಿ ಚಾರ್ಜ್ 278.40, ಸರ್ಚಾರ್ಜ್ 17.28, ತೆರಿಗೆ 25.06. ಒಟ್ಟು 321 ರೂಪಾಯಿ. ಎಂಟು ಯೂನಿಟ್‌ನಲ್ಲಿ 1,490 ರೂಪಾಯಿ ವ್ಯತ್ಯಾಸ. ದಿನಕ್ಕೆ ಕಾಲು ಯೂನಿಟ್ಟಿಗೂ ಸ್ವಲ್ಪ ಮೇಲೆ, ಅಷ್ಟೇ.

ಇಲ್ಲಿ ಒಬ್ಬರು ಅಕ್ಕ ಎದ್ದು ಕೇಳಿದರು, "ಹಂಗಾದರೆ ಲೈಟ್ ಆರಿಸಿ ಆರಿಸಿ ಅಂತ ಮಕ್ಕಳಿಗೆ ಬೈಯೂದು ಎಲ್ಲ ಸುಮ್ನೆಯಾ?" ಸುಮ್ನೆ ಅಲ್ಲ, ಆದರೆ ನಿಮ್ಮ ಮನೆ ಎಲ್ಲಿ ನಿಂತಿದೆ ನೋಡಿಕೊಂಡು ಬೈಯಿರಿ ಅಂದೆ. ತಿಂಗಳಿಗೆ 90 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಬರುವ ಮನೆಯಲ್ಲಿ ಹತ್ತು ಯೂನಿಟ್ ಉಳಿಸಿದರೂ ಬಿಲ್ಲಿನಲ್ಲಿ ಏನೂ ಬದಲಾಗುವುದಿಲ್ಲ. ಎಸಿ ಇಟ್ಟುಕೊಂಡು 330 ಬಳಸುವ ಕಾರವಾರದ ಮನೆಯಲ್ಲಿ ಪ್ರತಿ ಯೂನಿಟ್ ಉಳಿಸಿದಾಗಲೂ 6 ರೂಪಾಯಿ 68 ಪೈಸೆ ಉಳಿಯುತ್ತದೆ, ಅಂದರೆ 5.80 ದರ, 36 ಪೈಸೆ ಸರ್ಚಾರ್ಜ್, 52 ಪೈಸೆ ತೆರಿಗೆ. ಮೂವತ್ತು ಯೂನಿಟ್ ಉಳಿಸಿದರೆ 200 ರೂಪಾಯಿ. ಆದರೆ 190ರಿಂದ 230ರ ಮಧ್ಯೆ ಓಲಾಡುವ ಮನೆ ಇದೆಯಲ್ಲ, ಅವರಿಗೆ ಆ ನಾಲ್ಕೈದು ಯೂನಿಟ್‌ನಲ್ಲೇ ಎಲ್ಲವೂ ಇದೆ. ಕರಾವಳಿಯ ಬಹಳ ಮನೆಗಳು ಮಾರ್ಚ್‌ನಿಂದ ಮೇ ತನಕ ಇದೇ ಜಾಗದಲ್ಲಿ ಇರುತ್ತವೆ. ಸೆಕೆಗೆ ಫ್ಯಾನು ರಾತ್ರಿ ಹಗಲು ತಿರುಗುತ್ತದೆ, ಬಾವಿಯ ನೀರು ಕೆಳಗೆ ಹೋಗಿರುತ್ತದೆ, ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು ರಜೆಗೆ ಬಂದಿರುತ್ತಾರೆ.

ಹಾಗಾಗಿ ಅಂಥ ಮನೆಯವರು ಮಾಡಬೇಕಾದ ಮೊದಲ ಕೆಲಸ ಮೀಟರ್ ಓದುವುದು. ಬಿಲ್ಲಿನ ಮೇಲೆ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ದಿನಾಂಕ ಎಲ್ಲ ಇರುತ್ತದೆ. ಮೀಟರಿನ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬರುತ್ತಿರುತ್ತವೆ, ಅದರಲ್ಲಿ ಪಕ್ಕದಲ್ಲಿ kWh ಅಂತ ಇರುವುದೇ ಯೂನಿಟ್. ಬಿಲ್ಲಿನ ಈಗಿನ ರೀಡಿಂಗ್ ಅನ್ನು ಅದರಿಂದ ಕಳೆದರೆ ಈ ತಿಂಗಳು ಇಲ್ಲಿಯವರೆಗೆ ಎಷ್ಟಾಯಿತು ಅಂತ ಸಿಗುತ್ತದೆ. 200ನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 6.6 ಯೂನಿಟ್. ಹದಿನೈದನೇ ದಿನಕ್ಕೆ ನೋಡಿದಾಗ 100 ದಾಟಿದ್ದರೆ ಇನ್ನು ಹದಿನೈದು ದಿನ ಕೈ ಹಿಡಿಯಬೇಕು ಅಂತ ಗೊತ್ತಾಗುತ್ತದೆ. ಬಿಲ್ಲು ಬಂದ ಮೇಲೆ ನೋಡಿ ಏನು ಪ್ರಯೋಜನ? ರೀಡಿಂಗ್ ತಗೊಂಡ ದಿನಾಂಕವನ್ನೂ ನೋಡಿ. ಮೂವತ್ತರ ಬದಲು ಮೂವತ್ತಮೂರು ದಿನಕ್ಕೆ ಓದಿದ್ದರೆ, ದಿನಕ್ಕೆ 6.2 ಯೂನಿಟ್ ಬಳಸುವ ಮನೆಯೂ 200 ದಾಟಿ ಕಾಣುತ್ತದೆ. ಹಾಗಾಗಿದ್ದರೆ ಬಿಲ್ಲು ಹಿಡಿದುಕೊಂಡು ಸೆಕ್ಷನ್ ಆಫೀಸಿಗೆ ಹೋಗಿ, ದಿನದ ಲೆಕ್ಕಕ್ಕೆ ಸರಿ ಮಾಡಿದ್ದೀರಾ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಈ ಮನೆಯಲ್ಲಿ ಆ ಎಂಟು ಯೂನಿಟ್ ಎಲ್ಲಿಗೆ ಹೋಯಿತು? ನಾನು ಮೊದಲು ನೋಡಿದ್ದು ಪಂಪು. ಬೆಳಿಗ್ಗೆ ಸ್ವಿಚ್ ಹಾಕಿ ಅಂದೆ. ಮೋಟಾರು ತಿರುಗುತ್ತಿದೆ, ಟ್ಯಾಂಕಿಗೆ ನೀರು ಬೀಳುತ್ತಿಲ್ಲ. "ಅದು ಹಾಂಗೇಯಾ, ಒಂದು ಕೊಡ ನೀರು ಹೊಯ್ಯಬೇಕು" ಅಂತ ಮನೆಯ ಅಜ್ಜ ಕೊಡ ತಂದರು. ದಿನಾ ಕೊಡ ತರಬೇಕಾಗಿದೆ ಅಂದರೆ ಬಾವಿಯ ತಳದಲ್ಲಿರುವ ಫುಟ್‌ವಾಲ್ವ್ ಸೋರುತ್ತಿದೆ ಅಂತಲೇ ಅರ್ಥ. ಪೈಪಿನಲ್ಲಿ ನಿಲ್ಲಬೇಕಾದ ನೀರು ರಾತ್ರಿಯೆಲ್ಲ ಬಾವಿಗೆ ಇಳಿದುಹೋಗುತ್ತದೆ, ಬೆಳಿಗ್ಗೆ ಗಾಳಿ ಎಳೆದುಕೊಂಡು ಪಂಪು ಸುಮ್ಮನೆ ತಿರುಗುತ್ತದೆ. ನೀರು ಹತ್ತಿದ ಮೇಲೂ ಧಾರೆ ಸಣ್ಣ. ಅರ್ಧ ಗಂಟೆಗೂ ಸ್ವಲ್ಪ ಮೇಲೆ ತುಂಬಬೇಕಾದ ಟ್ಯಾಂಕಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಒಂದು ಎಚ್‌ಪಿ ಪಂಪು ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ ಜಾಸ್ತಿ ಓಡಿದರೂ ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು ಯೂನಿಟ್. ವಾಲ್ವ್ ಬದಲಾಯಿಸಿದ್ದು ಅರ್ಧ ದಿನದ ಕೆಲಸ. ಆ ಮನೆ ಮುಂದಿನ ತಿಂಗಳು 200ರ ಒಳಗೆ ಬರಲು ಅದೊಂದೇ ಸಾಕಾಯಿತು.

ಪಂಪಿನ ವಿಷಯಕ್ಕೆ ಇನ್ನೊಂದು ಮಾತು. ಮನೆಯ ಮೀಟರಿನಿಂದಲೇ ತೋಟಕ್ಕೂ ನೀರು ಬಿಡುವವರು ಇದ್ದಾರೆ. ನಾಲ್ಕು ತೆಂಗು, ಹತ್ತು ಅಡಿಕೆ ಗಿಡ ಅಂದರೆ ಏನೋ ಆಯಿತು, ಆದರೆ ನಿಜವಾಗಿ ತೋಟ ಇದ್ದರೆ ನೀರಾವರಿ ಪಂಪ್‌ಸೆಟ್‌ಗೆ ಬೇರೆ ಕನೆಕ್ಷನ್ ಇದೆ, ಬೇರೆ ವರ್ಗ ಅದು, 10 ಎಚ್‌ಪಿ ತನಕ ಸರ್ಕಾರವೇ ದುಡ್ಡು ಭರಿಸುತ್ತದೆ. ಮನೆ ಮೀಟರಿನಲ್ಲಿ ತೋಟದ ನೀರು ಬಿಟ್ಟು 200 ದಾಟಿಸಿಕೊಂಡು ಪೂರ್ತಿ ಬಿಲ್ಲು ಕಟ್ಟುವುದು ಸರಿಯಲ್ಲ.

ಫ್ಯಾನು ಎರಡನೆಯದು. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್. ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ 34 ಯೂನಿಟ್, ಒಂದೇ ಫ್ಯಾನಿಗೆ. ಬಿಎಲ್‌ಡಿಸಿ ಫ್ಯಾನು ಸುಮಾರು 28 ವ್ಯಾಟ್, ಅದೇ ಗಂಟೆಗಳಿಗೆ ಹದಿಮೂರು ಯೂನಿಟ್. ಎಲ್ಲ ಫ್ಯಾನೂ ಬದಲಾಯಿಸಬೇಕಾಗಿಲ್ಲ. ಅತಿ ಹೆಚ್ಚು ಹೊತ್ತು ತಿರುಗುವುದು ಯಾವುದು, ಅಜ್ಜ ಅಜ್ಜಿ ಮಲಗುವ ಕೋಣೆಯದಾ, ಅದೊಂದನ್ನು ಬದಲಾಯಿಸಿ ಸಾಕು.

ಮೂರನೆಯದು ಕಣ್ಣಿಗೆ ಕಾಣದ್ದು. ನಮ್ಮ ಮಳೆಗಾಲದಲ್ಲಿ ಹಳೆ ಮನೆಗಳ ಗೋಡೆ ನೀರು ಕುಡಿದು ಒದ್ದೆಯಾಗಿರುತ್ತದೆ, ಒಳಗಿನ ಹಳೆ ವೈರಿನಿಂದ ಕರೆಂಟು ನೆಲಕ್ಕೆ ಸೋರುತ್ತದೆ. ಇದನ್ನು ನೀವೇ ನೋಡಬಹುದು. ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜು, ಟಿವಿ, ಇನ್ವರ್ಟರ್ ಎಲ್ಲದರ ಪ್ಲಗ್ ಕಿತ್ತು, ಮೇನ್ ಸ್ವಿಚ್ ಮಾತ್ರ ಆನ್ ಇಟ್ಟು ಮೀಟರಿನ ಮುಂದೆ ನಿಲ್ಲಿ. ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತದೆ, ಪಕ್ಕದಲ್ಲಿ 3200 imp/kWh ಅಂತಲೋ 1600 imp/kWh ಅಂತಲೋ ಬರೆದಿರುತ್ತದೆ. ಅಂದರೆ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಎಲ್ಲ ಆರಿಸಿದ ಮೇಲೂ ಅದು ಮಿನುಗುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ. ಕೆಲವು ಮೀಟರುಗಳಲ್ಲಿ ಸೋರಿಕೆಗೇ ಬೇರೆ ದೀಪ ಇರುತ್ತದೆ. ಆಮೇಲೆ ಹುಡುಕುವುದು ನಿಮ್ಮ ಕೆಲಸ ಅಲ್ಲ, ವೈರಿಂಗ್ ಗೊತ್ತಿದ್ದವರನ್ನೇ ಕರೆಸಿ. ಬಿಲ್ಲಿಗಿಂತ ಮೊದಲು ಅದು ಜೀವದ ಪ್ರಶ್ನೆ.

ಈಗ ಹೊಂದಾಣಿಕೆ ಸಾಲು. ಬಿಲ್ಲಿನಲ್ಲಿ ಎಫ್‌ಪಿಪಿಸಿಎ ಅಂತ ಇರುತ್ತದೆ, ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ. ಹಿರಿಯರೊಬ್ಬರು ಕೇಳಿದರು, "ಕರೆಂಟು ತಯಾರಾಗೂದೇ ನಮ್ಮ ಜಿಲ್ಲೆಯಲ್ಲಿ, ಸೂಪಾ, ಕದ್ರಾ, ಗೇರುಸೊಪ್ಪಾ, ಕೈಗಾ ಎಲ್ಲ ಇಲ್ಲೇ, ನಮಗೆ ಎಂತ ಖರೀದಿ ವೆಚ್ಚ?" ಮುಳುಗಡೆ ಅನುಭವಿಸಿದ ಜಿಲ್ಲೆಯವರು ಹಾಗೆ ಕೇಳುವುದರಲ್ಲಿ ನ್ಯಾಯ ಇದೆ. ಆದರೆ ಕರೆಂಟು ಇಲ್ಲಿಂದ ನೇರ ನಮ್ಮ ಮನೆಗೆ ಬರುವುದಿಲ್ಲ. ಎಲ್ಲ ಒಂದೇ ಗ್ರಿಡ್ಡಿಗೆ ಹೋಗುತ್ತದೆ, ನಮಗೆ ಹಂಚುವ ಹೆಸ್ಕಾಂ ಅದರಿಂದ ಖರೀದಿ ಮಾಡುತ್ತದೆ. ವರ್ಷದ ಮೊದಲಿಗೆ ಖರೀದಿಗೆ ಇಷ್ಟು ಖರ್ಚು ಬರಬಹುದು ಅಂತ ಅಂದಾಜು ಹಾಕಿ ದರ ಇಡುತ್ತಾರೆ. ಮಳೆ ಚೆನ್ನಾಗಿ ಬಂದು ಜಲಾಶಯ ತುಂಬಿದರೆ ಕಡಿಮೆ ಖರ್ಚಿನ ನೀರಿನ ಕರೆಂಟು ಸಿಗುತ್ತದೆ. ಮಳೆ ಕೈಕೊಟ್ಟರೆ ಕಲ್ಲಿದ್ದಲಿನ ಕರೆಂಟೋ ಹೊರಗಿನ ಕರೆಂಟೋ ಜಾಸ್ತಿ ಬೆಲೆಗೆ ತರಬೇಕು. ಅಂದಾಜಿಗೂ ನಿಜವಾದ ಖರ್ಚಿಗೂ ಇರುವ ವ್ಯತ್ಯಾಸ ಯೂನಿಟ್‌ಗೆ ಇಷ್ಟು ಪೈಸೆ ಅಂತ ಆಮೇಲಿನ ತಿಂಗಳ ಬಿಲ್ಲಿನಲ್ಲಿ ಬರುತ್ತದೆ. ಅದಕ್ಕೇ ಈ ಸಾಲು ಒಂದು ತಿಂಗಳು ಕೂಡಿಸುತ್ತದೆ, ಇನ್ನೊಂದು ತಿಂಗಳು ಕಳೆಯುತ್ತದೆ. ನನ್ನ ಲೆಕ್ಕದಲ್ಲಿ ಇದನ್ನು ಬಿಟ್ಟಿದ್ದು ಅದಕ್ಕಾಗಿಯೇ. ಅಷ್ಟೇ ಯೂನಿಟ್ ಬಳಸಿಯೂ ಬಿಲ್ಲು ಹತ್ತಿಪ್ಪತ್ತು ರೂಪಾಯಿ ಆಚೀಚೆ ಆದರೆ ಮೊದಲು ಈ ಸಾಲು ನೋಡಿ.

ಇನ್ನು ಹೆಚ್ಚುವರಿ ಭದ್ರತಾ ಠೇವಣಿ ಅಂತ ಒಂದು ನೋಟಿಸು ಬರುತ್ತದೆ, ಎಎಸ್‌ಡಿ. ಅದನ್ನು ನೋಡಿ ದರ ಏರಿಸಿದರು ಅಂತ ಗಾಬರಿ ಆಗಬೇಡಿ. ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ದುಡ್ಡು ನಿಮ್ಮ ಹೆಸರಲ್ಲಿ ಠೇವಣಿ ಇರಬೇಕು ಅನ್ನುವುದು ನಿಯಮ, ಬಳಕೆ ಜಾಸ್ತಿ ಆದರೆ ಕಡಿಮೆ ಬಿದ್ದಷ್ಟನ್ನು ಕೇಳುತ್ತಾರೆ. ಅದು ನಿಮ್ಮದೇ ದುಡ್ಡು, ವರ್ಷಕ್ಕೊಮ್ಮೆ ಬಡ್ಡಿಯನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಕಳೆದಿದ್ದಾರಾ ಅಂತ ನೋಡಿಕೊಳ್ಳಿ.

ಕೊನೆಗೆ ಮತ್ತೆ ಫಿಕ್ಸೆಡ್ ಚಾರ್ಜ್‌ಗೆ ಬರುತ್ತೇನೆ, ಯಾಕೆಂದರೆ ನಮ್ಮ ಕಡೆ ಇದರಿಂದ ದುಡ್ಡು ಕಳೆದುಕೊಳ್ಳುವವರು ಬೇರೆಯೇ ಜನ. ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್ ಅಂತ ಹೋಗಿ ಬೀಗ ಹಾಕಿದ ಮನೆಗಳು ಪ್ರತಿ ಊರಿನಲ್ಲೂ ಇವೆ. ಅಂಥ ಮನೆಗೆ 5 ಕಿಲೋವ್ಯಾಟ್ ಲೋಡ್ ಇದ್ದು ಗೃಹಜ್ಯೋತಿ ಬೇರೆ ಮನೆಗೆ ಸೇರಿದ್ದರೆ, ಒಂದು ದೀಪ ಉರಿಯದಿದ್ದರೂ ತಿಂಗಳಿಗೆ 725 ರೂಪಾಯಿ. ವರ್ಷಕ್ಕೆ 8,700. ಲೋಡ್ ಅನ್ನು 2 ಕಿಲೋವ್ಯಾಟ್‌ಗೆ ಇಳಿಸಿಕೊಂಡರೆ ತಿಂಗಳಿಗೆ 290. ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಲೋಡ್ ಕಡಿಮೆ ಮಾಡಿಸಲು ಬರುತ್ತದೆ.

ಆದರೆ ಎಷ್ಟಕ್ಕೆ ಇಳಿಸಬೇಕು ಅನ್ನುವುದನ್ನು ಅಂದಾಜಿನಲ್ಲಿ ಹೇಳಬೇಡಿ. ಮೀಟರಿನ ಅಂಕಿಗಳಲ್ಲಿ MD ಅಂತ ಒಂದು ಬರುತ್ತದೆ, ಆ ತಿಂಗಳಲ್ಲಿ ಒಟ್ಟಿಗೆ ಅತಿ ಹೆಚ್ಚು ಎಷ್ಟು ಕಿಲೋವ್ಯಾಟ್ ಎಳೆದಿರಿ ಅನ್ನುವ ಲೆಕ್ಕ. ಪಂಪು ಒಂದು, ಗೀಸರ್ ಎರಡು, ಇಸ್ತ್ರಿಪೆಟ್ಟಿಗೆ ಮುಕ್ಕಾಲು, ಮೂರನ್ನೂ ಒಟ್ಟಿಗೆ ಹಾಕಿದರೆ ನಾಲ್ಕರ ಹತ್ತಿರ ಹೋಗುತ್ತದೆ. ಒಂದಾದ ಮೇಲೆ ಒಂದು ಹಾಕಿದರೆ ಎರಡೂವರೆ ದಾಟುವುದಿಲ್ಲ. ಬಳಕೆಯಲ್ಲಿರುವ ಮನೆಯಾದರೆ ಸೆಕೆಗಾಲ, ಮಳೆಗಾಲ, ಮನೆಯಲ್ಲಿ ಕಾರ್ಯ ಇದ್ದ ತಿಂಗಳು, ಈ ಎಲ್ಲದರ ಎಂಡಿ ನೋಡಿ, ಅದರಲ್ಲಿ ದೊಡ್ಡದಕ್ಕಿಂತ ಸ್ವಲ್ಪ ಮೇಲೆ ಲೋಡ್ ಇಟ್ಟುಕೊಳ್ಳಿ. ಇಳಿಸಿ ಮತ್ತೆ ಏರಿಸಬೇಕಾದರೆ ಮತ್ತೆ ಅರ್ಜಿ, ಮತ್ತೆ ದುಡ್ಡು. ಮುಂದಿನ ವರ್ಷ ಎಸಿ ಹಾಕುವ ಯೋಚನೆ ಇದ್ದರೆ ಈಗ ಮುಟ್ಟಬೇಡಿ. ಪ್ರತಿ ತಿಂಗಳೂ 200ರ ಒಳಗೇ ಇರುವ ಗೃಹಜ್ಯೋತಿ ಮನೆಯವರಿಗೆ ಲೋಡ್ ಇಳಿಸಿ ಏನೂ ಲಾಭ ಇಲ್ಲ, ಆ ಶುಲ್ಕ ಹೇಗೂ ನಿಮ್ಮ ಕೈಯಿಂದ ಹೋಗುತ್ತಿಲ್ಲ.

ಬೀಗ ಹಾಕಿದ ಮನೆಯವರು ಇನ್ನೊಂದು ಕೇಳಿದರು, ಯಾರೂ ಇಲ್ಲದ ಮನೆಗೆ ಯೂನಿಟ್ ಹೇಗೆ ಬಂತು ಅಂತ. ಮೀಟರು ಗೇಟಿನ ಒಳಗಿದ್ದು ಓದುವವರಿಗೆ ಕಾಣದಿದ್ದರೆ ಬಾಗಿಲು ಹಾಕಿದೆ ಅಂತ ಬರೆದು ಹಿಂದಿನ ಸರಾಸರಿಯ ಮೇಲೆ ಬಿಲ್ಲು ಕೊಡುತ್ತಾರೆ. ಪಕ್ಕದ ಮನೆಯವರ ಹತ್ತಿರ ಮೀಟರಿನ ಫೋಟೋ ತೆಗೆಸಿ, ದಿನಾಂಕ ಕಾಣುವ ಹಾಗೆ, ಆರ್‌ಆರ್ ನಂಬರ್ ಬರೆದು ಸೆಕ್ಷನ್ ಆಫೀಸಿಗೆ ಕೊಡಿ, ಮುಂದಿನ ಬಿಲ್ಲಿನಲ್ಲಿ ಸರಿ ಮಾಡಿಸಿಕೊಳ್ಳಬಹುದು. ಮೀಟರನ್ನು ರಸ್ತೆಗೆ ಕಾಣುವ ಕಡೆ ಹಾಕಿಸಿಕೊಂಡರೆ ಆ ತೊಂದರೆಯೇ ಇಲ್ಲ.